ಸ್ವಿಚ್ ಆಫ್ ಆಗಿತ್ತು, ಫ್ಲೈವೀಲ್ ತಿರುಗುತ್ತಿತ್ತು

ಬೈಕಂಪಾಡಿಯ ಒಂದು ಸಣ್ಣ ವರ್ಕ್‌ಶಾಪ್ ಅಂದುಕೊಳ್ಳಿ. ಪವರ್ ಪ್ರೆಸ್‌ನಲ್ಲಿ ತಗಡಿನ ಬ್ರಾಕೆಟ್ ಕತ್ತರಿಸುವಾಗ ಒಂದು ತುಂಡು ಕೆಳಗಿನ ಅಚ್ಚಾದ ಡೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಪರೇಟರ್ ಮೋಟರ್ ಆಫ್ ಮಾಡಿ, ತುಂಡು ತೆಗೆಯಲು ಕೈ ಹಾಕುತ್ತಾರೆ. ಮೇಲಿಂದ ಬಂದು ತಗಡನ್ನು ಒತ್ತಿ ಕತ್ತರಿಸುವ ರ‍್ಯಾಮ್ ಇಳಿಯುತ್ತದೆ. ಎರಡು ಬೆರಳು ಜಜ್ಜಿಹೋಗುತ್ತವೆ.

'ಆಫ್ ಮಾಡಿದ್ದೆ' ಎಂದು ಅವರು ಹೇಳಿದರೆ ಅದು ನಿಜವೇ. ಈ ಪ್ರೆಸ್‌ನಲ್ಲಿ ಮೋಟರ್ ಮಾಡುವುದು ಫ್ಲೈವೀಲ್ ಎಂಬ ಭಾರದ ಚಕ್ರವನ್ನು ತಿರುಗಿಸುವ ಕೆಲಸ ಮಾತ್ರ. ರ‍್ಯಾಮ್ ಇಳಿಸುವುದು ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ. ಒಂದೇ ದಪ್ಪದ ತಟ್ಟೆಯಂತಿರುವ ಚಕ್ರದ ತೂಕ 200 ಕಿಲೋ, ಅಡ್ಡಳತೆ 80 ಸೆಂಟಿಮೀಟರ್, ವೇಗ ನಿಮಿಷಕ್ಕೆ 200 ಸುತ್ತು ಎಂದಿಟ್ಟುಕೊಂಡರೆ ಆ ಶಕ್ತಿ ಸುಮಾರು 3,500 ಜೂಲ್. 50 ಕಿಲೋ ಅಕ್ಕಿ ಮೂಟೆಯನ್ನು 7 ಮೀಟರ್ ಮೇಲಕ್ಕೆತ್ತಲು ಅಷ್ಟು ಸಾಕು. ವೇಗ ಅರ್ಧಕ್ಕಿಳಿದರೂ ಕಾಲು ಭಾಗ ಉಳಿದಿರುತ್ತದೆ. ಬೆರಳಿಗೆ ಅದೂ ಜಾಸ್ತಿಯೇ ಅಲ್ವಾ?

ಹಳೆಯ ಪ್ರೆಸ್‌ಗಳಲ್ಲಿ ಪೆಡಲ್ ತುಳಿದಾಗ ಫ್ಲೈವೀಲನ್ನು ರ‍್ಯಾಮ್‌ಗೆ ಜೋಡಿಸುವ ಕೀ ಕ್ಲಚ್ ಒಮ್ಮೆ ಹಿಡಿದರೆ ಇಡೀ ಸುತ್ತು ಮುಗಿಯದೆ ಬಿಡುವುದಿಲ್ಲ. ಸುತ್ತು ಮುಗಿದಾಗ ಸ್ಪ್ರಿಂಗ್ ಎಳೆದ ಕೊಕ್ಕೆ ಕೀಯನ್ನು ಹೊರಳಿಸಿ ಕ್ಲಚ್ ಬಿಡಿಸುತ್ತದೆ, ಬ್ರೇಕ್ ರ‍್ಯಾಮನ್ನು ಮೇಲೆಯೇ ನಿಲ್ಲಿಸುತ್ತದೆ. ಸ್ಪ್ರಿಂಗ್ ಸೋತರೆ ಪೆಡಲ್ ತುಳಿಯದೆಯೂ ಇನ್ನೊಂದು ಸ್ಟ್ರೋಕ್ ಬೀಳಬಹುದು. ಬ್ರೇಕ್ ಸಡಿಲವಾಗಿದ್ದರೆ ರ‍್ಯಾಮ್ ತುತ್ತತುದಿಯಲ್ಲಿ ನಿಲ್ಲದೆ ತುಸು ದಾಟಿ ನಿಲ್ಲುತ್ತದೆ. ದಿನಾ ಪ್ರೆಸ್ ಓಡಿಸುವವರ ಕಣ್ಣಿಗೆ ಬೀಳುವ ಮೊದಲ ಸೂಚನೆ ಅದು.

ಮೊದಲು ಕೈ ಬಿಡಿಸಿ ಆಸ್ಪತ್ರೆಗೆ ಕಳಿಸಬೇಕು. ಆಮೇಲೆ ಮೇನ್ ಸ್ವಿಚ್‌ಗೆ ಬೀಗ ಹಾಕಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ಈ ಘಟನೆಯ ವರದಿ ಹೀಗಿರಬಹುದು:

'ಮುಂದಿನ ಗಾರ್ಡ್ ಪ್ರೆಸ್‌ನ ಎಡಕ್ಕೆ ನೆಲದ ಮೇಲಿತ್ತು, ನಾಲ್ಕು ಬೋಲ್ಟ್ ಟ್ರೇನಲ್ಲಿದ್ದವು. ಪೆಡಲ್ ಮೇಲೆ ಕವರ್ ಇರಲಿಲ್ಲ. ಮೋಟರ್ ಸ್ವಿಚ್ ಆಫ್, ಮೇನ್ ಸ್ವಿಚ್ ಆನ್. ಫ್ಲೈವೀಲ್ ತಿರುಗುತ್ತಿತ್ತು ಎಂದು ಪಕ್ಕದ ಮೆಷಿನ್‌ನವರು ಹೇಳಿದರು. ಮೇಂಟೆನೆನ್ಸ್ ಪುಸ್ತಕದ ಕೊನೆಯ ನಮೂದು 11 ವಾರ ಹಿಂದಿನದು: ಗ್ರೀಸ್, ಬ್ರೇಕ್ ಬಿಗಿ. ಕ್ಲಚ್ ಸ್ಪ್ರಿಂಗ್ ಬಗ್ಗೆ ನಮೂದಿಲ್ಲ.'

'ಗಾರ್ಡ್ ತೆಗೆದು ಕೆಲಸ ಮಾಡಿದ್ದಾರೆ' ಎಂದು ಬರೆದರೆ ಯಾರು, ಯಾವಾಗ, ಯಾಕೆ ತೆಗೆದರು ಎಂದು ಕೇಳುವ ಮೊದಲೇ ತೀರ್ಪು ಕೊಟ್ಟಂತೆ. ಡೈ ಬದಲಿಸಲು ಹಿಂದಿನ ಶಿಫ್ಟ್‌ನವರು ಬಿಚ್ಚಿರಬಹುದು. ಗಾರ್ಡ್ ಇದ್ದರೆ ತುಂಡು ತೆಗೆಯಲು ಜಾಗವೇ ಇರಲಿಕ್ಕಿಲ್ಲ. ಹಾಗೆಯೇ 'ನಮೂದಿಲ್ಲ' ಎಂದರೆ ಸ್ಪ್ರಿಂಗ್ ನೋಡಿಲ್ಲ ಎಂದಲ್ಲ, ನೋಡಿಯೂ ಬರೆಯದೆ ಇದ್ದಿರಬಹುದು. ಸ್ಪ್ರಿಂಗ್ ಬಿಚ್ಚಿ, ಅದರ ಉದ್ದವನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಒಂದು ಉತ್ತರ ಸಿಗುತ್ತದೆ. ಅದು ಸರಿಯಿದ್ದರೆ ಮುಂದೆ ನೋಡಬೇಕಾದ್ದು ಕವರ್ ಇಲ್ಲದ ಆ ಪೆಡಲ್.