ಸರ್ಚ್ ಫರ್ಮ್‌ನವರು ಒಂದು ಸಲ ಮಾತಾಡಿ ಸುಮ್ಮನಾದರೆ, ನಾವಾಗಿ ಕೇಳಬಹುದಾ?

ಪ್ರಶ್ನೆ: ವಿದೇಶಿ ಕಂಪನಿಯೊಂದರ ಬೆಂಗಳೂರಿನ ಕೇಂದ್ರದಲ್ಲಿ, ಅಂದರೆ ಜಿಸಿಸಿಯಲ್ಲಿ, ಸೀನಿಯರ್ ಮ್ಯಾನೇಜರ್ ಆಗಿದ್ದೇನೆ. ಬೇರೆ ಕಂಪನಿಯ ಇಂಜಿನಿಯರಿಂಗ್ ಡೈರೆಕ್ಟರ್ ಹುದ್ದೆಗೆ ಅಂತ ಎಕ್ಸಿಕ್ಯುಟಿವ್ ಸರ್ಚ್ ಫರ್ಮ್‌ನವರು ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಚೆನ್ನಾಗೇ ಹೋಯಿತು. ಎರಡು ವಾರ ಆಯಿತು, ಸುದ್ದಿಯೇ ಇಲ್ಲ. ನಾನಾಗಿ ಕೇಳಿದರೆ ಗರಜು ನನ್ನದೇ ಅಂತ ಗೊತ್ತಾಗಿ ಸಂಬಳ ಇಳಿಸ್ತಾರೆ ಅಂತಾರೆ ಸ್ನೇಹಿತರು. ನಿಜವಾ?

ಉತ್ತರ: ನಿಜ ಅಲ್ಲ. ಇವತ್ತೇ ಮೇಲ್ ಹಾಕಿ.

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಹುದ್ದೆಯ ಹೆಸರು ಬದಲಾಗುತ್ತದೆ, ಮಾನ್ಯತಾ ಟೆಕ್ ಪಾರ್ಕ್ ಹೋಗಿ ವೈಟ್‌ಫೀಲ್ಡ್ ಬರುತ್ತದೆ, ಆದರೆ ಕೊನೆಯಲ್ಲಿ ಆ ಸ್ನೇಹಿತರು ಮಾತ್ರ ತಪ್ಪದೇ ಇರುತ್ತಾರೆ. (ಇಲ್ಲಿ ಡೈರೆಕ್ಟರ್ ಅಂದರೆ ಕಂಪನಿಯ ಬೋರ್ಡಿನಲ್ಲಿ ಕೂರುವವರಲ್ಲ. ಸೀನಿಯರ್ ಮ್ಯಾನೇಜರ್‌ಗಿಂತ ಮೇಲೆ, ವೈಸ್ ಪ್ರೆಸಿಡೆಂಟ್‌ಗಿಂತ ಕೆಳಗೆ ಇರುವ ಹುದ್ದೆ. ಬೋರ್ಡಿನದ್ದು ಬೇರೆಯೇ ಲೆಕ್ಕ.)

ನಮ್ಮವರಿಗೆ ಈ ಹೆದರಿಕೆ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟ ಏನಲ್ಲ. ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಭಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಹೊರಟ ಮೇಲೆ ಹೆಣ್ಣಿನ ಕಡೆಯವರು ಫೋನ್ ಮಾಡುವ ಹಾಗಿಲ್ಲ, ಮಾಡಿದರೆ ಮಾನ ಹೋಯಿತು. ಅದೇ ಲೆಕ್ಕವನ್ನು ನೌಕರಿಗೂ ತಂದಿದ್ದೇವೆ. ಆದರೆ ಅಲ್ಲಿ ನಮ್ಮನ್ನು ಒಪ್ಪುವವರು, ಬಿಡುವವರು ಎದುರಿಗೇ ಕೂತಿರುತ್ತಾರೆ. ಇಲ್ಲಿ ಫೋನ್ ಮಾಡಿದವರ ಕೈಯಲ್ಲಿ ಆ ತೀರ್ಮಾನವೇ ಇಲ್ಲ.

ಸ್ವಲ್ಪ ದುಡ್ಡಿನ ವಿಷಯ ನೋಡೋಣ, ಆಗ ಅರ್ಥ ಆಗುತ್ತದೆ. ಈ ಮಟ್ಟದ ಹುದ್ದೆಗೆ ಕಂಪನಿ ಸಾಮಾನ್ಯವಾಗಿ ಒಂದೇ ಸರ್ಚ್ ಫರ್ಮ್‌ಗೆ ಜನ ಹುಡುಕುವ ಮ್ಯಾಂಡೇಟ್ ಕೊಡುತ್ತದೆ. ಫೀಸು ಆಯ್ಕೆಯಾದವರ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗದ ಆಸುಪಾಸು, ಕೆಲವು ಕಡೆ ಅದಕ್ಕಿಂತ ಕಮ್ಮಿ. ಇಲ್ಲವಾದರೆ ಮೊದಲೇ ಮಾತಾಡಿಕೊಂಡ ಒಂದು ಮೊತ್ತ. ಅದನ್ನು ಹೆಚ್ಚಾಗಿ ಮೂರು ಕಂತಿನಲ್ಲಿ ಕೊಡುತ್ತಾರೆ: ಕೆಲಸ ಒಪ್ಪಿಸಿದಾಗ ಒಂದು, ಶಾರ್ಟ್‌ಲಿಸ್ಟ್ ಕೊಟ್ಟಾಗ ಒಂದು, ಹುದ್ದೆ ತುಂಬಿದಾಗ ಒಂದು. ಈಗ ಹೇಳಿ, ನಿಮ್ಮ ಸಂಬಳ ಇಳಿಸಿದರೆ ಆ ಫರ್ಮ್‌ನ ಕನ್ಸಲ್ಟೆಂಟ್‌ಗೆ ಏನು ಲಾಭ? ಫೀಸು ಸಂಬಳಕ್ಕೆ ಅಂಟಿಕೊಂಡಿದ್ದರೆ ಅವರಿಗೇ ನಷ್ಟ. ಮೊತ್ತ ಗಟ್ಟಿಯಾಗಿದ್ದರೆ ಇಳಿಸಿದರೂ ಏರಿಸಿದರೂ ಅಷ್ಟೇ. ಇನ್ನು ಕಂಪನಿ ಕೊಡುವ ಸಂಬಳದ ಮಿತಿಯೋ, ನಿಮಗೆ ಫೋನ್ ಬರುವುದಕ್ಕೆ ಮೊದಲೇ ಹೆಚ್ಚುಕಮ್ಮಿ ಗೊತ್ತುಮಾಡಿ ಇಟ್ಟಿರುತ್ತಾರೆ. ನೀವು ಹಾಕುವ ನಾಲ್ಕು ಸಾಲಿನ ಮೇಲ್ ನೋಡಿ ಯಾರೂ ಆ ಮಿತಿಯನ್ನು ತಿದ್ದುವುದಿಲ್ಲ.

ಕನ್ಸಲ್ಟೆಂಟ್‌ಗೆ ನಿಜವಾಗಿ ನಿದ್ದೆ ಕೆಡಿಸುವುದು ಬೇರೆಯೇ. ಮೂರು ತಿಂಗಳು ಓಡಾಡಿ, ಐದು ಸುತ್ತಿನ ಇಂಟರ್‌ವ್ಯೂ ಮುಗಿಸಿ, ಆಫರ್ ಲೆಟರ್‌ಗೆ ಸಹಿ ಆದ ಮೇಲೆ 90 ದಿನದ ನೋಟಿಸ್ ಪೀರಿಯಡ್ ಶುರುವಾಗುತ್ತದೆ. ಅಷ್ಟರಲ್ಲಿ ಹಳೇ ಕಂಪನಿ ಸಂಬಳ ಏರಿಸಿ ಕೂರಿಸಿಕೊಂಡರೆ ಮುಗಿಯಿತು, ಎಲ್ಲ ಮೊದಲಿನಿಂದ. ಸೇರಿದ ಮೇಲೂ ನಿಶ್ಚಿಂತೆ ಇಲ್ಲ. ಆರು ತಿಂಗಳಿನಲ್ಲೋ ವರ್ಷದೊಳಗೋ ಬಿಟ್ಟುಹೋದರೆ ಮತ್ತೆ ಫೀಸಿಲ್ಲದೆ ಹುಡುಕಿಕೊಡಬೇಕು ಅನ್ನುವ ಷರತ್ತು ಹೆಚ್ಚಿನ ಒಪ್ಪಂದಗಳಲ್ಲಿ ಇರುತ್ತದೆ. ಹಾಗಾಗಿ "ಈ ಮನುಷ್ಯನಿಗೆ ನಿಜವಾಗಿ ಇಷ್ಟ ಇದೆಯಾ, ಇಲ್ಲ ಸುಮ್ನೆ ಮಾರ್ಕೆಟ್ ರೇಟು ತಿಳಿದುಕೊಳ್ಳೋಕೆ ಮಾತಾಡಿದನಾ" ಅನ್ನುವುದೇ ಅವರ ಮೊದಲ ಅನುಮಾನ. ಕಾಲ್ ಮುಗಿದ ಮೇಲೆ ಅವರು ಬರೆಯುವ ಟಿಪ್ಪಣಿಯಲ್ಲಿ ಅನುಭವ, ಟೀಮಿನ ಗಾತ್ರ, ಸಂಬಳ, ನೋಟಿಸ್ ಇವುಗಳ ಜೊತೆ ಆಸಕ್ತಿ ಎಷ್ಟು ಅಂತಲೂ ಒಂದು ಸಾಲು ಇರುತ್ತದೆ. ನೀವು ಗತ್ತಿನಿಂದ ಸುಮ್ಮನೆ ಕೂತರೆ ಆ ಸಾಲಿನಲ್ಲಿ "ಅಷ್ಟೇನೂ ಉತ್ಸಾಹ ಕಾಣಲಿಲ್ಲ" ಅಂತ ಬರುತ್ತದೆ. ನಿಮ್ಮಷ್ಟೇ ಅರ್ಹತೆ ಇರುವ ಇನ್ನೊಬ್ಬರು ಮಾರನೇ ದಿನ ಮೇಲ್ ಹಾಕಿರುತ್ತಾರೆ. ಇಬ್ಬರಲ್ಲಿ ಯಾರ ಹೆಸರನ್ನು ಮೇಲೆ ಬರೆಯುತ್ತಾರೆ ಅಂತ ನಾನು ಬೇರೆ ಹೇಳಬೇಕಾ?

ಸಂಬಳದಲ್ಲಿ ಬೆಲೆ ಹೋಗುವುದೂ ಉಂಟು, ಆದರೆ ಬೇರೆ ಕಾರಣಕ್ಕೆ. ಮೊದಲ ಕಾಲ್‌ನಲ್ಲಿ ಬಾಯಿಗೆ ಬಂದ ಒಂದು ಅಂಕಿ ಹೇಳಿ, ಕೊನೆಯಲ್ಲಿ "ಆರ್‌ಎಸ್‌ಯು ಅಂತ ಷೇರಿನಲ್ಲಿ ಬರುವುದರ ಲೆಕ್ಕ ಮರೆತಿದ್ದೆ" ಅಂತ ಇನ್ನೊಂದು ಅಂಕಿ ತೆಗೆಯುವುದು. ಕನ್ಸಲ್ಟೆಂಟ್ ಆಗಲೇ ಮೊದಲನೆಯದನ್ನು ಕ್ಲೈಂಟ್ ಮುಂದೆ ಇಟ್ಟಿರುತ್ತಾರೆ. ಅಲ್ಲಿ ಅವರ ಮಾತೂ ಬೀಳುತ್ತದೆ, ನಿಮ್ಮ ಮಾತೂ ಬೀಳುತ್ತದೆ. ಇದನ್ನು ತಡೆಯಲಿಕ್ಕೆ ಇರುವ ಸುಲಭದ ದಾರಿಯೂ ಫಾಲೋ-ಅಪ್ ಇ-ಮೇಲೇ.

ಹಾಗಾದರೆ ಏನು ಬರೆಯಬೇಕು? "ಏನಾದರೂ ಅಪ್‌ಡೇಟ್ ಇದೆಯಾ ಸರ್" ಅಂತ ಬರೆಯಬೇಡಿ. ಅದರಲ್ಲಿ ಅವರಿಗೆ ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲ, ಉತ್ತರ ಕೊಡುವ ಕೆಲಸ ಮಾತ್ರ ಇದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಲ್ ಆಗಿದ್ದು ಮಂಗಳವಾರ. ಮಾತಿನ ಮಧ್ಯೆ ಅವರು "ಟೀಮ್ ಕಟ್ಟಿ ಬೆಳೆಸಿದ ಅನುಭವ ಬೇಕು" ಅಂತ ಎರಡು ಸಲ ಹೇಳಿದರು. ನೀವು ಆಗ ಹಾರಿಕೆಯ ಉತ್ತರ ಕೊಟ್ಟಿರಿ. ಬುಧವಾರ ಹೋಗಬೇಕಾದ ಮೇಲ್‌ನ ಸಾರ ಹೀಗಿರಲಿ (ಬರೆಯುವುದು ಇಂಗ್ಲಿಷ್‌ನಲ್ಲೇ, ಗೊತ್ತು):

"ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನೀವು ವಿವರಿಸಿದ ಹುದ್ದೆ ಇಷ್ಟವಾಯಿತು, ಮುಂದುವರಿಯಲು ಒಪ್ಪಿಗೆ ಇದೆ. ಟೀಮ್ ಕಟ್ಟುವ ವಿಷಯ ಕೇಳಿದ್ದಿರಿ. ಈಗಿನ ಕಂಪನಿಯಲ್ಲಿ ಪೇಮೆಂಟ್ಸ್ ತಂಡವನ್ನು ಆರು ಜನರಿಂದ ನಲವತ್ತು ಜನಕ್ಕೆ ಬೆಳೆಸಿದ್ದು ನಾನು. ಅದರಲ್ಲಿ ಇಬ್ಬರು ಮ್ಯಾನೇಜರ್‌ಗಳು ಒಳಗಿನಿಂದಲೇ ಬಡ್ತಿ ಪಡೆದವರು. ಸಂಬಳದ ವಿವರ: ಫಿಕ್ಸೆಡ್ 68 ಲಕ್ಷ, ವೇರಿಯಬಲ್ 10 ಲಕ್ಷ, ಇನ್ನೂ ಕೈಗೆ ಬರದ ಆರ್‌ಎಸ್‌ಯು ಮುಂದಿನ ಎರಡು ವರ್ಷದಲ್ಲಿ ಸುಮಾರು 40 ಲಕ್ಷ. ನೋಟಿಸ್ 90 ದಿನ, ಬೈಔಟ್‌ಗೆ ಅವಕಾಶ ಇದೆ. ಕ್ಲೈಂಟ್‌ಗೆ ನನ್ನ ಪ್ರೊಫೈಲ್ ಕಳಿಸುವ ಮುಂಚೆ ಒಂದು ಮಾತು ತಿಳಿಸಿ."

ಇಷ್ಟೇ. ಕನ್ಸಲ್ಟೆಂಟ್ ಇದರಲ್ಲಿ ಅರ್ಧವನ್ನು ತಮ್ಮ ರಿಪೋರ್ಟಿಗೆ ಹಾಗೇ ಎತ್ತಿಹಾಕಿಕೊಳ್ಳಬಹುದು, ಎತ್ತಿಕೊಳ್ಳುತ್ತಾರೆ ಕೂಡ. ಕೊನೆಯ ಸಾಲನ್ನು ಬಿಡಬೇಡಿ. ನಿಮ್ಮ ಈಗಿನ ಬಾಸ್‌ಗೂ ಆ ಕಂಪನಿಯವರಿಗೂ ಪರಿಚಯ ಇದ್ದರೆ ಸುದ್ದಿ ಹೊರಗೆ ಹೋಗಲು ಎಷ್ಟು ಹೊತ್ತು?

ನಿಮ್ಮದಂತೂ ಎರಡು ವಾರ ದಾಟಿದೆ. ಪರವಾಗಿಲ್ಲ, "ನಿನ್ನೆ" ಅನ್ನುವುದನ್ನು ತೆಗೆದು ಇದನ್ನೇ ಕಳಿಸಿ. ತಡವಾಯಿತು ಅಂತ ಕ್ಷಮೆ ಕೇಳುತ್ತಾ ಒಂದು ಪ್ಯಾರಾ ಬೇಡ.

ಮುಂದಿನ ಸಲದಿಂದ ಕಾಲ್ ಮುಗಿಯುವಾಗಲೇ ಒಂದು ಪ್ರಶ್ನೆ ಕೇಳಿ: "ಕ್ಲೈಂಟ್‌ಗೆ ಶಾರ್ಟ್‌ಲಿಸ್ಟ್ ಯಾವಾಗ ಕೊಡ್ತೀರಿ?" ಅವರು ಹೇಳಿದ ದಿನ ಕಳೆದು ಎರಡು ಮೂರು ಕೆಲಸದ ದಿನ ಬಿಟ್ಟು ಎರಡನೇ ಮೇಲ್ ಹಾಕಿದರೆ ಯಾರಿಗೂ ಕಿರಿಕಿರಿ ಆಗುವುದಿಲ್ಲ, ಯಾಕೆಂದರೆ ದಿನ ಕೊಟ್ಟವರು ಅವರೇ. ದಿನ ಹೇಳದಿದ್ದರೆ ಹತ್ತು ದಿನ ಕಾಯಿರಿ. ಆಮೇಲೆ ಇನ್ನೊಂದು ಎರಡು ಮೂರು ವಾರ ಬಿಟ್ಟು, ಹೇಳಲು ಹೊಸದೇನಾದರೂ ಇದ್ದರೆ ಮಾತ್ರ. ಬೇರೆ ಕಂಪನಿಯಿಂದ ಆಫರ್ ಬಂದಿದ್ದರೆ ಅದು ಹೊಸದು, ಅದಕ್ಕೆ ಕಾಯಬೇಕಾಗಿಲ್ಲ, ಉತ್ತರ ಕೊಡಬೇಕಾದ ಕೊನೇ ದಿನವನ್ನೂ ಸೇರಿಸಿ ತಕ್ಷಣ ತಿಳಿಸಿ. ಇಲ್ಲದ ಆಫರ್ ಸೃಷ್ಟಿಸಬೇಡಿ. ಈ ವಲಯ ಚಿಕ್ಕದು, ಒಂದು ಫೋನಿನಲ್ಲಿ ಗೊತ್ತಾಗುತ್ತದೆ.

ಮಾತಾಡಿದವರಿಗೇ ಬರೆಯಿರಿ. ಮೊದಲ ಕಾಲ್ ಮಾಡುವವರು ಹೆಚ್ಚಾಗಿ ಅಸೋಸಿಯೇಟ್. ಅವರನ್ನು ದಾಟಿ ಪಾರ್ಟ್ನರ್‌ಗೆ ಬರೆದರೆ, ನಿಮ್ಮ ಪರವಾಗಿ ಒಳಗೆ ಮಾತಾಡಬೇಕಿದ್ದ ಒಬ್ಬರನ್ನು ನೀವೇ ಕಳೆದುಕೊಂಡಿರಿ. ವಾಟ್ಸಾಪ್ ಅವರು ಮೊದಲು ಬಳಸಿದ್ದರೆ ಸರಿ. ಕ್ಲೈಂಟ್ ಕಂಪನಿಯ ವೈಸ್ ಪ್ರೆಸಿಡೆಂಟ್‌ಗೆ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕುವುದಂತೂ ಬೇಡವೇ ಬೇಡ. ನಿಮಗೆ ಹೇಳಿದ ಹುದ್ದೆಯಲ್ಲಿ ಈಗ ಇರುವವರಿಗೇ ತಾವು ಹೋಗಬೇಕು ಅಂತ ಇನ್ನೂ ಗೊತ್ತಿಲ್ಲದೆ ಇರಬಹುದು.

ಇನ್ನು ಮೌನದ ಅರ್ಥ. ಮೌನಕ್ಕೆ ಹೆಚ್ಚಿನ ಸಲ ಕಾರಣ ನೀವಲ್ಲ. ಫರ್ಮ್‌ನವರು ಕ್ಲೈಂಟ್ ಜೊತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂರುತ್ತಾರೆ. ಅಲ್ಲಿ ಮೊದಲ ನಾಲ್ಕೈದು ಹೆಸರು ನೋಡಿದ ಮೇಲೆ ಕ್ಲೈಂಟ್ "ನಮಗೆ ಪ್ಲಾಟ್‌ಫಾರ್ಮ್ ಅನುಭವ ಬೇಡ, ಡೇಟಾ ಕಡೆಯವರು ಬೇಕು" ಅಂದುಬಿಡುತ್ತಾರೆ. ಇಲ್ಲವೇ ಒಳಗಿನವರೊಬ್ಬರು ಆಕಾಂಕ್ಷಿಯಾಗಿ ಬರುತ್ತಾರೆ. ಅಥವಾ ಹೊರದೇಶದ ಹೆಡ್ ಆಫೀಸಿನಲ್ಲಿ ಬಜೆಟ್ ನಿಲ್ಲುತ್ತದೆ. ಇದನ್ನೆಲ್ಲ ನಿಮಗೆ ಹೇಳುವ ಸ್ವಾತಂತ್ರ್ಯ ಕನ್ಸಲ್ಟೆಂಟ್‌ಗೆ ಇಲ್ಲ, ಅದಕ್ಕೇ ಸುಮ್ಮನಿರುತ್ತಾರೆ. ಸಂಬಳದ ದಾಖಲೆ ಕೇಳಿದರೆ ಅಥವಾ ಪಾರ್ಟ್ನರ್ ಜೊತೆ ಕಾಲ್ ಇಟ್ಟರೆ ನೀವು ಲೆಕ್ಕದಲ್ಲಿ ಇದ್ದೀರಿ. "ಮುಂದೆ ಬೇರೆ ಅವಕಾಶ ಬಂದಾಗ ನೆನಪಿಟ್ಟುಕೊಳ್ತೀವಿ" ಅಂದರೆ ಈ ಹುದ್ದೆ ಮುಗಿಯಿತು. ಮೂರು ಮೇಲ್‌ಗೂ ಉತ್ತರ ಇಲ್ಲದಿದ್ದರೂ ಮುಗಿಯಿತು ಅಂತಲೇ ಇಟ್ಟುಕೊಂಡು ನಿಮ್ಮ ಕೆಲಸ ನೋಡಿಕೊಳ್ಳಿ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕಾಲ್‌ನ ಕೊನೆಗೆ ಅವರು "ಇದಕ್ಕೆ ಸರಿಹೋಗುವ ಬೇರೆ ಯಾರಾದರೂ ಗೊತ್ತಾ?" ಅಂತ ಕೇಳಿರುತ್ತಾರೆ. ಅಲ್ಲಿಗೇ ಎಷ್ಟೋ ಜನರ ಮುಖ ಬಾಡುತ್ತದೆ, "ನಾನು ಬೇಡ ಅಂತ ತಾನೇ" ಅಂತ. ಹಾಗೇನಿಲ್ಲ. ಕಂಪನಿಗಳ ಪಟ್ಟಿ ಹಾಕಿಕೊಂಡು ಅಲ್ಲಿರುವವರನ್ನು ಒಬ್ಬೊಬ್ಬರಾಗಿ ವಿಚಾರಿಸುವುದೇ ಅವರ ಕಸುಬು, ತುಂಬಾ ಹಿಡಿಸಿದ ಅಭ್ಯರ್ಥಿಗೂ ಅದೇ ಪ್ರಶ್ನೆ ಹಾಕುತ್ತಾರೆ. ನಿಮಗೇ ಆ ಹುದ್ದೆ ಬೇಕಿದ್ದರೆ "ಸದ್ಯಕ್ಕೆ ನಾನೇ ಆಸಕ್ತ" ಅಂತ ನಕ್ಕು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ ಆಗದು ಅಂತ ಖಚಿತವಾದ ಮೇಲೆ ಹೆಸರು ಕೊಡಿ, ಆದರೆ ಆ ವ್ಯಕ್ತಿಗೆ ಮೊದಲು ನೀವೇ ಫೋನ್ ಮಾಡಿ ಕೇಳಿ. ಮತ್ತೆ, ದಯವಿಟ್ಟು, ತೊಲಗಿದರೆ ಸಾಕು ಅನ್ನಿಸಿರುವ ನಿಮ್ಮ ಬಾಸ್ ಹೆಸರನ್ನು ಕೊಡಬೇಡಿ. ಕೊಟ್ಟವರಿದ್ದಾರೆ. ಆ ಬಾಸ್‌ಗೆ ಕೆಲಸ ಸಿಗಲಿಲ್ಲ, ಹೆಸರು ಕೊಟ್ಟಿದ್ದು ಯಾರು ಅಂತ ಮಾತ್ರ ಸಿಕ್ಕಿತು.