ಒಂದೇ ಹಳಿ, ಮೂರು ಟಿಕೆಟ್

ನಮ್ಮ ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದವರು ಮೈಸೂರಿಗೆ ಹೋಗುತ್ತಾರೆ. ಶನಿವಾರಸಂತೆ ಕಡೆಯವರಿಗೆ ಹಾಸನ, ಸಕಲೇಶಪುರ ಹತ್ತಿರ. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದರೆ ತಲಶ್ಶೇರಿ, ಕಣ್ಣೂರು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನರಿಗೆ ರೈಲಿನ ಮೊದಲ ಪಾಠ ಆಗುವುದು ಟಿಕೆಟ್ ಕೌಂಟರಿನ ಮುಂದೆ.

ನನಗೂ ಹಾಗೇ ಆಯಿತು. ಮಂಡ್ಯಕ್ಕೆ ಹೋಗಬೇಕಿತ್ತು. ಕೌಂಟರಿನಲ್ಲಿ "ಪ್ಯಾಸೆಂಜರಾ, ಎಕ್ಸ್‌ಪ್ರೆಸ್ಸಾ?" ಅಂತ ಕೇಳಿದರು. ಯಾವುದು ಕಡಿಮೆಯೋ ಅದು ಕೊಡಿ ಅಂದೆ. ಪ್ಲಾಟ್‌ಫಾರ್ಮಿಗೆ ಬಂದ ಮೊದಲ ಗಾಡಿ ಹತ್ತಿ, ಕಿಟಕಿ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಲ್ಲಿ ಕೂತಿದ್ದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಟಿ.ಟಿ. ಬಂದರು. "ಟಿಕೆಟ್ ಇದೆಯಲ್ಲ ಸಾರ್" ಅಂದೆ. "ಇದೆ, ಆದರೆ ಈ ಗಾಡಿಯದ್ದಲ್ಲ" ಅಂದರು. ದರದ ವ್ಯತ್ಯಾಸದ ಜೊತೆಗೆ 250 ರೂಪಾಯಿ ದಂಡ. ತಪ್ಪು ನನ್ನದೇ. ಮೇಲಿನ ದರ್ಜೆಯ ಬೋಗಿ ಹತ್ತಿದರೆ ಮಾತ್ರ ದಂಡ ಅಂದುಕೊಂಡಿದ್ದೆ. ಮೇಲಿನ ದರ್ಜೆಯ ರೈಲು ಹತ್ತಿದರೂ ಅದೇ ಕಾನೂನು.

ಬಸ್ಸಿನ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ಅರ್ಥವಾಗುತ್ತದೆ. ಮಡಿಕೇರಿಯಿಂದ ಹೊರಟು ಸುಂಟಿಕೊಪ್ಪ, ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಅಂತ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು ಪ್ಯಾಸೆಂಜರ್ ರೈಲಿನ ಹಾಗೆ. ನಡುವೆ ಒಂದೆರಡು ಕಡೆ ಮಾತ್ರ ನಿಲ್ಲುವುದು ಎಕ್ಸ್‌ಪ್ರೆಸ್. ಆದರೆ ಬಸ್ಸು ಇನ್ನೊಂದು ಬಸ್ಸನ್ನು ರಸ್ತೆಯಲ್ಲೇ ಹಿಂದೆ ಹಾಕಬಹುದು, ರೈಲಿಗೆ ಅದು ಆಗುವುದಿಲ್ಲ. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದರೆ ಪ್ಯಾಸೆಂಜರ್ ಗಾಡಿ ಯಾವುದಾದರೂ ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಸರಿದು ಕಾಯಬೇಕು. ಯಾರೂ ಹತ್ತದ, ಯಾರೂ ಇಳಿಯದ ಸಣ್ಣ ಸ್ಟೇಷನ್ನಿನಲ್ಲಿ ಕಾಲು ಗಂಟೆ ಸುಮ್ನೆ ನಿಂತಿರುವ ಗಾಡಿಯ ಗುಟ್ಟು ಬಹಳ ಸಲ ಇದೇ.

ನಿಲ್ಲುವುದಕ್ಕೂ ಬೆಲೆ ಇದೆ. ವೇಳಾಪಟ್ಟಿಯಲ್ಲಿ ಒಂದೇ ನಿಮಿಷ ಅಂತಿರುತ್ತದೆ. ಆದರೆ ಗಾಡಿ ದೂರದಿಂದಲೇ ವೇಗ ಇಳಿಸಬೇಕು, ನಿಂತು ಹೊರಟ ಮೇಲೆ ಮತ್ತೆ ವೇಗ ಹಿಡಿಯಬೇಕು. ಎಂಜಿನ್ ಎಳೆಯುವ ಉದ್ದನೆಯ ಗಾಡಿಗೆ ಎಲ್ಲ ಸೇರಿ ನಾಲ್ಕೈದು ನಿಮಿಷ ಹೋಗಿಬಿಡುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 139 ಕಿ.ಮೀ. ನಾಗನಹಳ್ಳಿ, ಪಾಂಡವಪುರ, ಯಲಿಯೂರು, ಹನಕೆರೆ, ಶೆಟ್ಟಿಹಳ್ಳಿ, ಹೆಜ್ಜಾಲ ಅಂತ ಹತ್ತು ಕಡೆ ಹೆಚ್ಚು ನಿಂತರೆ ಮುಕ್ಕಾಲು ಗಂಟೆ ಹೆಚ್ಚಾಯಿತು. ಈ ದಾರಿಯಲ್ಲಿ ಕರೆಂಟಿನಿಂದ ಓಡುವ ಮೆಮು ಗಾಡಿಗೆ ಬೇರೆ ಎಂಜಿನ್ ಇರುವುದಿಲ್ಲ, ಮೋಟರು ಗಾಡಿಯ ಕೆಲವು ಬೋಗಿಗಳಲ್ಲೇ ಇರುತ್ತದೆ. ಅದಕ್ಕೇ ಅದು ಬೇಗ ವೇಗ ಹಿಡಿಯುತ್ತದೆ, ಪದೇ ಪದೇ ನಿಲ್ಲುವ ಕೆಲಸಕ್ಕೆ ಸರಿಹೊಂದುತ್ತದೆ.

ನಾವು ಇದನ್ನೇ ಲೋಕಲ್ ಅನ್ನುತ್ತೇವೆ. ರೈಲ್ವೆಯ ಪುಸ್ತಕದಲ್ಲಿ ಲೋಕಲ್ ಅಂದರೆ ಮುಂಬೈ, ಚೆನ್ನೈ, ಕೋಲ್ಕತ್ತಾದಂಥ ಊರುಗಳ ಉಪನಗರ ರೈಲು. ನಮ್ಮ ಮೆಮು ಲೆಕ್ಕಕ್ಕೆ ಪ್ಯಾಸೆಂಜರ್.

ಹಿಂದೆ ಅಂಚೆ ಚೀಲ ಹೊತ್ತು ಓಡುತ್ತಿದ್ದ ವೇಗದ ಗಾಡಿಗೆ ಮೇಲ್ ಅನ್ನುತ್ತಿದ್ದರು. ಮಂಗಳೂರು–ಚೆನ್ನೈ ಮೇಲ್‌ನಂಥ ಹೆಸರುಗಳಲ್ಲಿ ಆ ನೆನಪು ಉಳಿದಿದೆ. ದರಪಟ್ಟಿಯಲ್ಲಿ ಮೇಲ್, ಎಕ್ಸ್‌ಪ್ರೆಸ್ ಎರಡೂ ಒಂದೇ. ಪ್ಯಾಸೆಂಜರ್‌ನದ್ದು ಬೇರೆ ಪಟ್ಟಿ. ಅಲ್ಲಿ ಕನಿಷ್ಠ ದರ 10 ರೂಪಾಯಿ. ಎಕ್ಸ್‌ಪ್ರೆಸ್‌ನಲ್ಲಿ ನೀವು ಎಷ್ಟೇ ಹತ್ತಿರ ಇಳಿದರೂ 50 ಕಿ.ಮೀ. ಲೆಕ್ಕ ಹಿಡಿದು ಸೆಕೆಂಡ್ ಕ್ಲಾಸಿಗೆ 30 ರೂಪಾಯಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್‌ನಲ್ಲಿ 10, ಎಕ್ಸ್‌ಪ್ರೆಸ್‌ನಲ್ಲಿ 30 ಆಗುವುದು ಹೀಗೆ. ಹತ್ತಿರದವರು ಪ್ಯಾಸೆಂಜರ್‌ನಲ್ಲೇ ಹೋಗಲಿ, ದೂರದ ಗಾಡಿಯಲ್ಲಿ ಜಾಗ ಹಿಡಿಯದಿರಲಿ ಅನ್ನುವ ಲೆಕ್ಕ ಇದರ ಹಿಂದೆ ಕಾಣುತ್ತದೆ. ಸ್ಲೀಪರಿನಲ್ಲಂತೂ ಕನಿಷ್ಠ 200 ಕಿ.ಮೀ. ದುಡ್ಡು ಕೊಡಬೇಕು. ಬೆಂಗಳೂರಿಗೆ ಮಲಗಿಕೊಂಡು ಹೋಗುವವರು ಹೋಗದ 60 ಕಿ.ಮೀ.ಗೂ ಕೊಡುತ್ತಾರೆ!

ಸೂಪರ್‌ಫಾಸ್ಟ್ ಅನ್ನುವುದಕ್ಕೆ ಬೇರೆ ದರಪಟ್ಟಿ ಇಲ್ಲ. ಎಕ್ಸ್‌ಪ್ರೆಸ್ ದರದ ಮೇಲೆ ಒಂದು ಸರ್‌ಚಾರ್ಜ್, ಅಷ್ಟೇ. ಸೆಕೆಂಡ್ ಕ್ಲಾಸಿಗೆ 15, ಸ್ಲೀಪರಿಗೆ 30, ಎ.ಸಿ.ಗೆ 45, ಫಸ್ಟ್ ಎ.ಸಿ.ಗೆ 75 ರೂಪಾಯಿ. ಮಂಡ್ಯದಲ್ಲಿ ಇಳಿದರೂ ಚೆನ್ನೈಯಲ್ಲಿ ಇಳಿದರೂ ಇದು ಬದಲಾಗುವುದಿಲ್ಲ. ಹಾಗಾಗಿ ಮೈಸೂರು–ಮಂಡ್ಯಕ್ಕೆ ಎಕ್ಸ್‌ಪ್ರೆಸ್‌ನಲ್ಲಿ 30, ಸೂಪರ್‌ಫಾಸ್ಟ್‌ನಲ್ಲಿ 45.

ಆ ಬಿರುದು ಹೇಗೆ ಸಿಗುತ್ತದೆ? ಬ್ರಾಡ್‌ಗೇಜಿನಲ್ಲಿ ಹೊರಟ ಊರಿನಿಂದ ಕೊನೆಯ ಊರಿನವರೆಗೆ, ನಿಂತ ಸಮಯವೂ ಸೇರಿ, ಸರಾಸರಿ ಗಂಟೆಗೆ 55 ಕಿ.ಮೀ. ಬರಬೇಕು. ಹೋಗುವಾಗಲೂ ಬರುವಾಗಲೂ. ಸ್ವಂತ ಕಾರಿನವರಿಗೆ ಇದು ನಗು ತರಿಸಬಹುದು.

ಆದರೆ ಬೆಂಗಳೂರು–ಮಂಗಳೂರು ದಾರಿ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ, 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ಇಳಿಜಾರು. ಅಲ್ಲಿ ವೇಗ 30 ಕಿ.ಮೀ. ಮೀರುವಂತಿಲ್ಲ. ನಡುವೆ ನಿಂತು ಬ್ರೇಕ್ ಪರೀಕ್ಷಿಸುವುದೂ ಸೇರಿ ಎರಡೂವರೆ ಗಂಟೆ ಹಿಡಿಯಿರಿ. ಒಟ್ಟು ದಾರಿ ಸುಮಾರು 350 ಕಿ.ಮೀ. ಸೂಪರ್‌ಫಾಸ್ಟ್ ಆಗಬೇಕಾದರೆ ಆರು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು. ಘಾಟಿಯ ಸಮಯ ಕಳೆದರೆ ಉಳಿದ 295 ಕಿ.ಮೀ.ಗೆ ನಾಲ್ಕು ಗಂಟೆಯೂ ಸಿಗುವುದಿಲ್ಲ. ಅಂದರೆ ಸರಾಸರಿ 77 ಕಿ.ಮೀ. ಎದುರು ಗಾಡಿಗೆ ಕಾಯಬೇಕಾದ ಒಂಟಿ ಹಳಿಯಲ್ಲಿ ಅದು ಆಗದ ಮಾತು. ಕಣ್ಣೂರು, ಕಾರವಾರದ ಕಡೆ ಹೋಗುವ ಗಾಡಿಗಳೂ ಈ ಘಾಟಿ ಇಳಿಯುವಾಗ 16ರಿಂದ ಶುರುವಾಗುವ ಎಕ್ಸ್‌ಪ್ರೆಸ್ ನಂಬರಿನಲ್ಲೇ ಇಳಿಯುವುದು ಇದಕ್ಕೆ.

ನಂಬರಿನ ವಿಷಯ ಬಂತಲ್ಲ. 2010ರ ಡಿಸೆಂಬರಿನಿಂದ ಎಲ್ಲ ಗಾಡಿಗೂ ಐದಂಕಿ ನಂಬರು. 12, 22, 20ರಿಂದ ಶುರುವಾದರೆ ಸೂಪರ್‌ಫಾಸ್ಟ್ ಅಥವಾ ಅದಕ್ಕೂ ಮೇಲಿನದು. 5 ಅಂದರೆ ಪ್ಯಾಸೆಂಜರ್, 6 ಮೆಮು, 7 ಅಂದರೆ ಡೀಸೆಲ್‌ನಲ್ಲಿ ಓಡುವ ಡೆಮು. ಸೊನ್ನೆ ಅಂದರೆ ವಿಶೇಷ ರೈಲು. ಮೈಸೂರಿನಲ್ಲಿ 12614 ಕಂಡರೆ, 2022ರವರೆಗೆ ಟಿಪ್ಪು ಆಗಿದ್ದ ಈಗಿನ ಒಡೆಯರ್ ಎಕ್ಸ್‌ಪ್ರೆಸ್, ಹೆಸರಿನಲ್ಲಿ ಎಕ್ಸ್‌ಪ್ರೆಸ್ ಇದ್ದರೂ ಸರ್‌ಚಾರ್ಜ್ ಕೊಡಲೇಬೇಕು. ಅದೇ ದಾರಿಯ ಚಾಮುಂಡಿ 16ರದ್ದು, ಅದಕ್ಕೆ ಬೇಡ. ಹೆಸರು ನಂಬಬೇಡಿ, ನಂಬರು ನೋಡಿ ಅಂತ ನಾನು ಮನೆಯವರಿಗೆಲ್ಲ ಹೇಳುತ್ತಿರುತ್ತೇನೆ.

ಆ ಸೊನ್ನೆ ಕೆಲವು ವರ್ಷ ಬಡವರಿಗೆ ದುಬಾರಿಯಾಯಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ರೈಲು ನಿಂತವು. ಮತ್ತೆ ಬಂದಾಗ ಪ್ಯಾಸೆಂಜರ್‌ಗಳು ಸೊನ್ನೆ ನಂಬರಿನ ವಿಶೇಷ ರೈಲುಗಳಾಗಿದ್ದವು. ಅದೇ ಬೋಗಿ, ಅದೇ ನಿಲುಗಡೆ, ದರ ಮಾತ್ರ ಎಕ್ಸ್‌ಪ್ರೆಸ್‌ನದ್ದು. 10 ಇದ್ದಲ್ಲಿ 30. ವೇಗಕ್ಕೆ ಜಾಸ್ತಿ ದುಡ್ಡು ಅನ್ನುವ ವಾದ ಒಪ್ಪಬಹುದು. ಎಲ್ಲ ಕಡೆ ನಿಲ್ಲುವ ಗಾಡಿಗೆ ಈ ದರ ಯಾಕೆ ಅನ್ನುವುದಕ್ಕೆ ನನಗಂತೂ ಸರಿಯಾದ ಉತ್ತರ ಕಾಣಲಿಲ್ಲ. 2024ರ ಫೆಬ್ರವರಿ ಕೊನೆಯಲ್ಲಿ ಹಳೆಯ 10 ರೂಪಾಯಿ ದರ ವಾಪಸ್ಸು ಬಂತು. ಸೊನ್ನೆ ಹೋಗಿ ಹಳೆಯ ಮಾದರಿಯ 5, 6, 7ರ ನಂಬರುಗಳು ಬರಲು 2025ರ ಜನವರಿ 1 ಆಗಬೇಕಾಯಿತು.