ತೇಲದ ‘ತೇಲುವ ತೋಟ’, ಬೆನ್ನ ಮೇಲೆ ಬಂದ ಕಪ್ಪ: ಟೆನೋಚ್ಟಿಟ್ಲಾನ್ ಟಿಪ್ಪಣಿ

ಮೊದಲು ಒಂದು ತಿದ್ದುಪಡಿ. ನಾನು ಓದಿದ ಗೈಡಿನಲ್ಲಿ ಮೆಕ್ಸಿಕೊದ ಚಿನಾಂಪ ಅಂದರೆ ‘ತೇಲುವ ತೋಟ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ಚಿನಾಂಪ ತೇಲುವುದಿಲ್ಲ. ಕಾಶ್ಮೀರದ ದಾಲ್ ಸರೋವರದಲ್ಲಿ ನಿಜಕ್ಕೂ ತೇಲುವ ತೋಟಗಳಿವೆ, ದೋಣಿಗೆ ಕಟ್ಟಿ ಎಳೆದುಕೊಂಡು ಹೋಗಬಹುದು, ಕದಿಯಲೂಬಹುದು. ಚಿನಾಂಪವನ್ನು ಯಾರೂ ಕದಿಯಲಾರರು, ಅದು ಕೆರೆಯ ತಳಕ್ಕೇ ಕೂತಿರುವ ನೆಲ.

ಆದರೂ ಈ ‘ತೇಲುವ’ ಕಥೆ ಎಲ್ಲಿಂದ ಬಂತು ಎಂಬುದು ಸ್ವಾರಸ್ಯಕರ. ಮೆಶಿಕಾ ಜನ (ನಾವು ಅಜ್ಟೆಕರು ಎನ್ನುವವರು) 1325ರ ಹೊತ್ತಿಗೆ ಟೆಕ್ಸ್‌ಕೋಕೊ ಸರೋವರದ ಜೌಗು ದ್ವೀಪದಲ್ಲಿ ಟೆನೋಚ್ಟಿಟ್ಲಾನ್ ಎಂಬ ಊರು ಕಟ್ಟಿದರು ಎಂಬುದು ಅವರದೇ ಸಂಪ್ರದಾಯದ ಲೆಕ್ಕ. ಆಗ ಅವರು ದೊರೆಗಳಲ್ಲ, ಪಕ್ಕದ ಅಸ್ಕಾಪೊಟ್ಸಾಲ್ಕೊ ರಾಜ್ಯಕ್ಕೆ ಕಪ್ಪ ಕೊಡುತ್ತಿದ್ದ ಬಡವರು. ಅಲ್ಲಿನ ದೊರೆ ಟೆಸೊಸೊಮೊಕ್ ಒಂದು ವರ್ಷ, ಮೆಕ್ಕೆಜೋಳ, ಮೆಣಸಿನಕಾಯಿ, ಕುಂಬಳ ಬೆಳೆದು ನಿಂತ ತೆಪ್ಪವನ್ನೇ ನೀರಿನ ಮೇಲೆ ತಂದುಕೊಡಿ ಎಂದನಂತೆ. ತಂದುಕೊಟ್ಟರು. ಮುಂದಿನ ಸಲ ಆ ತೆಪ್ಪದ ಮೇಲೆ ಬಾತುಕೋಳಿಯೂ ಬಕವೂ ಮೊಟ್ಟೆಗೆ ಕಾವು ಕೂತಿರಬೇಕು, ನನ್ನ ಬಾಗಿಲಿಗೆ ಬಂದ ಹೊತ್ತಿಗೇ ಮರಿ ಒಡೆಯಬೇಕು ಎಂದನಂತೆ. 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿಯೊಬ್ಬ ಬರೆದಿಟ್ಟ ಕಥೆ ಇದು. ಇದನ್ನು ಇತಿಹಾಸ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ಕೆರೆಯ ತೋಟ ಮತ್ತು ಕಪ್ಪ, ಈ ಊರಿನ ನೆನಪಿನಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಕೆರೆಯಲ್ಲಿ ಹೊಲ ಮಾಡುವುದು

ಮೆಕ್ಸಿಕೊ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಟ್ಟ, ನೀರು ಹೊರಹೋಗಲು ದಾರಿಯಿಲ್ಲ. ಒಂದಕ್ಕೊಂದು ತಾಗಿದ ಐದು ಸರೋವರಗಳಲ್ಲಿ ಟೆಕ್ಸ್‌ಕೋಕೊ ಎಲ್ಲಕ್ಕಿಂತ ತಗ್ಗು. ಹರಿದು ಬಂದ ನೀರೆಲ್ಲ ಅಲ್ಲಿ ನಿಂತು ಆವಿಯಾಗಿ ಉಪ್ಪು ಉಳಿಯುತ್ತಿತ್ತು. ದಕ್ಷಿಣದ ಶೋಚಿಮಿಲ್ಕೊ ಮತ್ತು ಚಾಲ್ಕೊ ಕೆರೆಗಳು ಸ್ವಲ್ಪ ಮೇಲಿದ್ದವು, ಬೆಟ್ಟದ ಬುಡದ ಊಟೆಗಳಿಂದ ಅವಕ್ಕೆ ಸಿಹಿನೀರು. ಹಾಗಾಗಿ ದೊಡ್ಡ ಚಿನಾಂಪ ಪ್ರದೇಶ ಇದ್ದದ್ದು ರಾಜಧಾನಿಯ ಪಕ್ಕದಲ್ಲಲ್ಲ, ಸುಮಾರು 20 ಕಿಲೋಮೀಟರ್ ದಕ್ಷಿಣದಲ್ಲಿ. ರಾಜಧಾನಿಯೊಳಗೆ ಮನೆಗಳಿಗೆ ಅಂಟಿಕೊಂಡು ಚಿನಾಂಪಗಳಿದ್ದವು ನಿಜ, ಆದರೆ ಅವು ಹಿತ್ತಿಲಿನಷ್ಟು ಚಿಕ್ಕವು. ಸೊಪ್ಪು, ಟೊಮ್ಯಾಟೊ, ಮೆಣಸಿನಕಾಯಿ, ಹೂವಿಗೆ ಸಾಕು, ಊರಿನ ಹೊಟ್ಟೆಗೆ ಸಾಲದು.

ನಾವಾಟ್ಲ್ ಭಾಷೆಯಲ್ಲಿ ‘ಚಿನಾಮಿಟ್ಲ್’ ಅಂದರೆ ಜೊಂಡಿನ ತಡಿಕೆ, ಬೇಲಿ. ಹೆಸರಲ್ಲೇ ವಿಧಾನವಿದೆ. ಆಳವಿಲ್ಲದ ಜಾಗವನ್ನು ಗಳದಿಂದ ತಿವಿದು ನೋಡಿ, ಅಂಚಿಗೆ ಗೂಟ ಹೊಡೆದು ಜೊಂಡಿನ ತಡಿಕೆ ಕಟ್ಟುತ್ತಾರೆ. ಒಳಗೆ ನೀರುಗಳೆಯ ದಪ್ಪ ಹಾಸು, ಅದರ ಮೇಲೆ ಕೆರೆಯ ಹೂಳು, ಮತ್ತೆ ಕಳೆ, ಮತ್ತೆ ಹೂಳು. ಹೂಳು ತೆಗೆದ ಜಾಗವೇ ಪಕ್ಕದ ಕಾಲುವೆಯಾಗುತ್ತದೆ. ಮಡಿಯ ಮೇಲ್ಮೈ ನೀರಿಗಿಂತ ಅರ್ಧ ಮೀಟರಿನಷ್ಟು ಮೇಲೆ ಬಂದರೆ ನಿಲ್ಲಿಸುತ್ತಾರೆ. ಅಂಚಿಗೆ ಅವೆಹೋತೆ ಎಂಬ ನೀರಂಜಿ ಜಾತಿಯ ಮರ ನೆಡುತ್ತಾರೆ. ಬೇರು ದಡವನ್ನು ಹಿಡಿದುಕೊಳ್ಳುತ್ತದೆ. ಮರ ನೆಟ್ಟಗೆ, ಸಪೂರವಾಗಿ ಬೆಳೆಯುವುದರಿಂದ ಬೆಳೆಯ ಮೇಲೆ ನೆರಳು ಬೀಳುವುದಿಲ್ಲ.

ಮಡಿ ಅಗಲವಿಲ್ಲದೆ ಉದ್ದುದ್ದ ಪಟ್ಟಿಯಂತೆ ಏಕಿರಬೇಕು ಎಂಬುದನ್ನು ಗಮನಿಸಿ. ಎರಡೂ ಬದಿಯ ಕಾಲುವೆಯಿಂದ ನೀರು ಜಿನುಗಿ ನಡುವಿನ ಬೇರಿಗೂ ಮುಟ್ಟಬೇಕು. ಅಗಲವಾದರೆ ನಡುಭಾಗ ಒಣಗುತ್ತದೆ. ಎತ್ತರದ ಲೆಕ್ಕವೂ ಹಾಗೆಯೇ. ತಗ್ಗಾದರೆ ಬೇರು ಕೊಳೆಯುತ್ತದೆ, ಎತ್ತರವಾದರೆ ಕೈಯಿಂದ ನೀರು ಹೊಯ್ಯಬೇಕು. ವರ್ಷವರ್ಷವೂ ಹೂಳು ಹಾಕುತ್ತಾ ಹೋದರೆ ಮಡಿ ತಾನಾಗಿಯೇ ಏರುತ್ತದೆ. ಆಗ ಮೇಲಿನ ಮಣ್ಣನ್ನು ಕೆರೆದು ಬೇರೆ ಚಿನಾಂಪಕ್ಕೆ ಸಾಗಿಸುತ್ತಾರೆ. ಮಡಿಯ ಮೇಲೆ ಬಿಳಿ ಪೊರೆ ಕಂಡರೆ ಮಾತ್ರ ಇದಕ್ಕಿಂತ ಕೆಟ್ಟ ಸುದ್ದಿ: ಉಪ್ಪು ಏರಿದೆ.

ಹೂಳು ಹೊಡೆಯುವುದು ನಮಗೆ ಹೊಸತಲ್ಲ, ನಮ್ಮಲ್ಲೂ ಬೇಸಿಗೆಯಲ್ಲಿ ಕೆರೆಗೋಡು ಹೊಲಕ್ಕೆ ಬೀಳುತ್ತದೆ. ನಮ್ಮಲ್ಲಿ ಕೆರೆ ಒಣಗುವವರೆಗೆ ಕಾಯಬೇಕು. ಅಲ್ಲಿ ದೋಣಿಯಲ್ಲಿ ನಿಂತು, ಉದ್ದ ಗಳದ ತುದಿಗೆ ಕಟ್ಟಿದ ಚೀಲದಿಂದ ಕಾಲುವೆಯ ತಳದ ಕೆಸರನ್ನು ಯಾವಾಗ ಬೇಕಾದರೂ ಎತ್ತುತ್ತಿದ್ದರು. ಎತ್ತಿದ್ದರಿಂದ ಕಾಲುವೆಯೂ ದೋಣಿಗೆ ಆಳವಾಗಿ ಉಳಿಯುತ್ತಿತ್ತು.

ಇಳುವರಿಯ ಗುಟ್ಟು ಗೊಬ್ಬರಕ್ಕಿಂತ ಒಟ್ಲಿನಲ್ಲಿದೆ ಎಂದು ನನಗನಿಸುತ್ತದೆ. ಶೋಚಿಮಿಲ್ಕೊದಲ್ಲಿ ಇಂದಿಗೂ ಮಾಡುವ ರೀತಿ ಇದು: ಚಿನಾಂಪದ ತುದಿಯಲ್ಲಿ ತಾಜಾ ಕೆಸರನ್ನು ತೆಳ್ಳಗೆ ಹರಡುತ್ತಾರೆ. ಅರೆ ಒಣಗಿದಾಗ ಮೈಸೂರುಪಾಕಿನಂತೆ ಚೌಕ ಚೌಕ ಕೊಯ್ಯುತ್ತಾರೆ. ಒಂದೊಂದು ಚೌಕಕ್ಕೂ ಬೆರಳಿನಿಂದ ಕುಳಿ ಮಾಡಿ, ಬೀಜ ಹಾಕಿ, ಗೊಬ್ಬರದ ಪುಡಿ ಮುಚ್ಚಿ, ಚಳಿಗೆ ಜೊಂಡು ಹೊದಿಸುತ್ತಾರೆ. ಸಸಿ ಎದ್ದ ಮೇಲೆ ಚೌಕದ ಸಮೇತ ಎತ್ತಿ ನಾಟಿ. ಹೊಲದಲ್ಲಿ ಹಿಂದಿನ ಬೆಳೆ ಇನ್ನೂ ನಿಂತಿರುವಾಗಲೇ ಮುಂದಿನದು ಒಟ್ಲಿನಲ್ಲಿ ಬೆಳೆಯುತ್ತಿರುತ್ತದೆ, ನೆಲ ಖಾಲಿ ಕೂರುವುದಿಲ್ಲ. ಆ ಎತ್ತರದಲ್ಲಿ ಚಳಿಗಾಲದ ಹಿಮ ಮಳೆಯಾಶ್ರಿತ ಹೊಲಗಳನ್ನು ಸುಟ್ಟುಬಿಡುತ್ತದೆ. ಕಾಲುವೆಯ ನೀರು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುವುದರಿಂದ ಚಿನಾಂಪಕ್ಕೆ ಹೊಡೆತ ಕಡಿಮೆ.

ಎಷ್ಟು ಜನಕ್ಕೆ ಸಾಕಾಗುತ್ತಿತ್ತು?

ಇಲ್ಲಿ ಒಂದು ಲೆಕ್ಕ ಹಾಕೋಣ. ದಕ್ಷಿಣದ ಕೆರೆಗಳಲ್ಲಿ ಸುಮಾರು 9,000 ಹೆಕ್ಟೇರ್ ಚಿನಾಂಪ ನೆಲವಿತ್ತು ಎಂಬುದು ಪುರಾತತ್ವಜ್ಞರು ಹೆಚ್ಚಾಗಿ ಬಳಸುವ ಅಂದಾಜು. ಹೆಕ್ಟೇರಿಗೆ 3 ಟನ್ ಮೆಕ್ಕೆಜೋಳ ಎಂದಿಟ್ಟುಕೊಂಡರೆ 27,000 ಟನ್. ಒಬ್ಬನಿಗೆ ವರ್ಷಕ್ಕೆ 200 ಕಿಲೋ ಎಂದರೆ 1,35,000 ಜನ. ಆದರೆ ಇದರಲ್ಲಿ ಬೆಳೆದವರ ಮನೆಯ ಊಟ ಕಳೆಯಬೇಕು, ಎಲ್ಲ ಮಡಿಗೂ ಜೋಳವೇ ಬಿತ್ತುತ್ತಿರಲಿಲ್ಲ ಎಂಬುದನ್ನೂ ಕಳೆಯಬೇಕು. ರಾಜಧಾನಿಯ ಜನಸಂಖ್ಯೆ ಒಂದೂವರೆಯಿಂದ ಎರಡು ಲಕ್ಷ ಎಂದು ಹಲವರು, ಅದಕ್ಕಿಂತ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಹೇಗೆ ನೋಡಿದರೂ ಚಿನಾಂಪ ಊರಿನ ದೊಡ್ಡ ಆಸರೆ, ಪೂರ್ತಿ ಆಸರೆಯಲ್ಲ. ‘ಚಿನಾಂಪಗಳೇ ಇಡೀ ನಗರವನ್ನು ಸಾಕಿದವು’ ಎಂದು ಉತ್ತರ ಬರೆದರೆ ಅದು ಅರ್ಧಸತ್ಯ.

1428ರಲ್ಲಿ ಮೆಶಿಕಾ ದೊರೆ ಇಟ್ಸ್‌ಕೋಆಟ್ಲ್ ಮಿತ್ರರೊಡನೆ ಸೇರಿ ಅಸ್ಕಾಪೊಟ್ಸಾಲ್ಕೊವನ್ನು ಮುರಿದ. ಅದಾದ ಎರಡು ವರ್ಷದ ಆಸುಪಾಸಿನಲ್ಲೇ ಶೋಚಿಮಿಲ್ಕೊವನ್ನು ಗೆದ್ದು, ಸೋತವರಿಂದಲೇ ರಾಜಧಾನಿಗೆ ನೀರಿನ ಮೇಲೆ ಏರಿದಾರಿ ಕಟ್ಟಿಸಿದ. ಚಿನಾಂಪ ನೆಲವನ್ನು ತನ್ನ ಸರದಾರರಿಗೆ ಹಂಚಿದ. ಅಂದರೆ ಹೊಸ ರಾಜ್ಯ ಮೊದಮೊದಲೇ ಕೈ ಹಾಕಿದ್ದು ಚಿನ್ನಕ್ಕಲ್ಲ, ಜೋಳಕ್ಕೆ.

ದೋಣಿಯೋ, ಬೆನ್ನೋ

ಈಗ ಕಪ್ಪಕ್ಕೆ ಬರೋಣ. ಒಂದು ಸಂಗತಿ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಆ ನಾಡಿನಲ್ಲಿ ಎತ್ತಿಲ್ಲ, ಕುದುರೆಯಿಲ್ಲ, ಕತ್ತೆಯಿಲ್ಲ, ಗಾಡಿಯಿಲ್ಲ. ಸರಕು ಹೋಗಬೇಕಾದರೆ ದೋಣಿಯಲ್ಲಿ, ಇಲ್ಲವೇ ಹಣೆಗೆ ಪಟ್ಟಿ ಕೊಟ್ಟು ಹೊರೆ ಹೊರುವ ‘ತ್ಲಾಮೆಮೆ’ಯ ಬೆನ್ನ ಮೇಲೆ. ಅವನ ಹೊರೆ ಸುಮಾರು 23 ಕಿಲೋ. ದಿನಕ್ಕೆ ಒಂದು ಕಿಲೋ ಜೋಳ ತಿಂದರೆ, ಹತ್ತು ದಿನದ ದಾರಿಯನ್ನು ಹೋಗಿ ಬರುವಷ್ಟರಲ್ಲಿ 20 ಕಿಲೋ ಅವನ ಹೊಟ್ಟೆಗೇ ಬೇಕು. ಹೊತ್ತ ಜೋಳವನ್ನು ಹೊತ್ತವನೇ ತಿಂದು ಮುಗಿಸಿದಂತೆ! ಅದೇ ಒಂದು ಟನ್ ಹಿಡಿಸುವ ದೋಣಿಯನ್ನು ಒಬ್ಬನೇ ಗಳ ಹಾಕಿ ನಡೆಸಿದರೆ ನಲವತ್ತಕ್ಕೂ ಹೆಚ್ಚು ಹೊರೆಯಾಳುಗಳ ಕೆಲಸ ಆದಂತೆ.

ಹಾಗಾಗಿ ಜೋಳ, ಹುರುಳಿಕಾಯಿ ಬೀಜ, ದಂಟಿನ ಬೀಜದ ಕಣಜಗಳು ಹತ್ತಿರದ ಪ್ರಾಂತ್ಯಗಳ ಕಪ್ಪ. ದೂರದವರು ಕೊಡಬೇಕಾದದ್ದು ಹಗುರವಾದ, ಬೆಲೆಬಾಳುವ ವಸ್ತು: ಬಟ್ಟೆ, ಗರಿ, ಕೋಕೊ ಬೀಜ, ಹಸಿರು ಕಲ್ಲು. ಬಟ್ಟೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹತ್ತಿ ಆ ಚಳಿಯ ಎತ್ತರದಲ್ಲಿ ಬೆಳೆಯುವುದಿಲ್ಲ. ಕೆಳನಾಡಿನ ಹೆಂಗಸರು ಸೊಂಟಕ್ಕೆ ಕಟ್ಟಿಕೊಂಡ ಮಗ್ಗದಲ್ಲಿ ನೇಯ್ದ ಹತ್ತಿಯ ಬಟ್ಟೆ ರಾಜಧಾನಿಯ ಪೇಟೆಯಲ್ಲಿ ಹಣದಂತೆಯೇ ಚಲಾವಣೆಯಾಗುತ್ತಿತ್ತು. ದೂರದಿಂದ ಬಟ್ಟೆ ಬರುತ್ತದೆ, ಅದನ್ನು ಕೊಟ್ಟು ಟ್ಲಾಟೆಲೋಲ್ಕೊ ಸಂತೆಯಲ್ಲಿ ದೋಣಿಯಲ್ಲಿ ಬಂದ ಜೋಳ ಕೊಳ್ಳಬಹುದು. ಕಪ್ಪ ನೇರವಾಗಿ ತಟ್ಟೆಗೆ ಬಾರದಿದ್ದರೂ ಸುತ್ತಿ ಬಳಸಿ ತಟ್ಟೆಗೇ ಬರುತ್ತಿತ್ತು.

ವಸೂಲಿ ಮಾಡುವವನು ಕಲ್ಪಿಶ್ಕಿ, ನಮ್ಮ ಶಾನುಭೋಗ ಮತ್ತು ಅಮಲ್ದಾರ ಇಬ್ಬರೂ ಸೇರಿದಂಥವನು. ಸೋತ ಊರಿನ ದೊರೆಯನ್ನು ಸಾಮಾನ್ಯವಾಗಿ ಗದ್ದುಗೆಯಲ್ಲೇ ಬಿಡುತ್ತಿದ್ದರು, ಮೇಲೆ ಕಲ್ಪಿಶ್ಕಿಯನ್ನು ಕೂರಿಸುತ್ತಿದ್ದರು. ಟೆನೋಚ್ಟಿಟ್ಲಾನ್, ಟೆಕ್ಸ್‌ಕೋಕೊ, ಟ್ಲಾಕೋಪಾನ್ ಎಂಬ ಮೂರು ಮಿತ್ರನಗರಗಳು ಕೂಡಿ ಗೆದ್ದ ಕಡೆಯ ಕಪ್ಪವನ್ನು ಐದು ಪಾಲು ಮಾಡಿ ಎರಡು, ಎರಡು, ಒಂದು ಎಂದು ಹಂಚಿಕೊಂಡರು ಎಂಬುದು ರೂಢಿಯ ಮಾತು.

ಲೆಕ್ಕದ ಪುಸ್ತಕ ಓದುವುದನ್ನು ಒಮ್ಮೆ ಕಲಿತುಬಿಡಿ, ಮರೆಯುವುದಿಲ್ಲ. 1540ರ ದಶಕದಲ್ಲಿ ಸ್ಥಳೀಯ ಚಿತ್ರಕಾರರು ಬರೆದ ಕೋಡೆಕ್ಸ್ ಮೆಂಡೋಸಾ ಈಗ ಆಕ್ಸ್‌ಫರ್ಡಿನಲ್ಲಿದೆ. ಅದರ ಕಪ್ಪದ ಪುಟಗಳಲ್ಲಿ ಅಂಚಿನುದ್ದಕ್ಕೂ ಊರುಗಳ ಗುರುತು, ನಡುವೆ ಸರಕಿನ ಚಿತ್ರ, ಚಿತ್ರದ ತಲೆಯ ಮೇಲೆ ಸಂಖ್ಯೆ. ಎಣಿಕೆ ಇಪ್ಪತ್ತರ ಮಗ್ಗಿಯದು: ಬಾವುಟ ಅಂದರೆ 20, ಗರಿ ಅಂದರೆ 400, ಚೀಲ ಅಂದರೆ 8,000. ತೊಚ್‌ಟೆಪೆಕ್ ಪ್ರಾಂತ್ಯ ಕೊಡಬೇಕಾದ ರಬ್ಬರ್ ಚೆಂಡು 16,000, ಎರಡು ಚೀಲ ಬರೆದರೆ ಮುಗಿಯಿತು. ಪೆಸಿಫಿಕ್ ಕರಾವಳಿಯ ಶೊಕೊನೊಚ್ಕೊ ಕೊಡಬೇಕಾದದ್ದರಲ್ಲಿ 200 ಹೊರೆ ಕೋಕೊ, ಅಂದರೆ ಹತ್ತು ಬಾವುಟ. ಒಂದು ಹೊರೆಗೆ 24,000 ಬೀಜ, ಮೂರು ಚೀಲ. ಒಟ್ಟು 48 ಲಕ್ಷ ಬೀಜ, ಒಬ್ಬೊಬ್ಬನಿಗೆ ಒಂದು ಹೊರೆಯಂತೆ ಇನ್ನೂರು ಬೆನ್ನುಗಳು, ಸಾವಿರ ಕಿಲೋಮೀಟರಿನಷ್ಟು ದೂರದಿಂದ. ಅಷ್ಟು ದೂರ ಜೋಳ ಹೊರಿಸಿದ್ದರೆ ಏನಾಗುತ್ತಿತ್ತು ಎಂದು ಮೇಲಿನ ಲೆಕ್ಕವೇ ಹೇಳುತ್ತದೆ.

ನೀರು ಕೈಕೊಟ್ಟಾಗ

ಉಪ್ಪುನೀರು ಮೊದಲ ಶತ್ರು. ಮಳೆಗಾಲದಲ್ಲಿ ಟೆಕ್ಸ್‌ಕೋಕೊ ಉಕ್ಕಿದರೆ ಅದರ ಉಪ್ಪು ಊರಿನ ಬದಿಯ ಮಡಿಗಳಿಗೆ ನುಗ್ಗುತ್ತಿತ್ತು. 1449ರ ನೆರೆಯ ನಂತರ ಟೆಕ್ಸ್‌ಕೋಕೊದ ದೊರೆ ನೆಸಾವಾಲ್ಕೊಯೊಟ್ಲನ ಸಲಹೆಯಂತೆ ಸುಮಾರು 16 ಕಿಲೋಮೀಟರ್ ಉದ್ದದ ಏರಿ ಕಟ್ಟಿ ಸಿಹಿನೀರನ್ನು ಬೇರ್ಪಡಿಸಿದರು. ಅದರ ಬೆನ್ನಿಗೇ ಹಿಮ ಮತ್ತು ಬರ. ಅವರ ಪಂಚಾಂಗದ ‘ಒಂದು ಮೊಲ’ ವರ್ಷವಾದ 1454ರಲ್ಲಿ ಕರಾವಳಿಯ ತೊತೊನಾಕರಿಗೆ ಮಕ್ಕಳನ್ನು ಮಾರಿ ಜೋಳ ಪಡೆದವರಿದ್ದರು.

1499ರ ಸುಮಾರಿಗೆ ಅವಿಟ್ಸೊಟ್ಲ್ ದೊರೆ ಕೊಯೊವಾಕಾನಿನ ಊಟೆಯಿಂದ ಹೊಸ ಕಾಲುವೆ ತಂದ. ಆ ನೀರು ಹಿಡಿತಕ್ಕೆ ಸಿಗುವುದಿಲ್ಲ ಎಂದು ಎಚ್ಚರಿಸಿದ ಅಲ್ಲಿನ ಒಡೆಯನನ್ನು ಕೊಲ್ಲಿಸಿದ. ನೀರು ಬಂತು, ನಿಲ್ಲಲಿಲ್ಲ. ಊರು ಮುಳುಗಿತು, ಚಿನಾಂಪಗಳು ಕೊಚ್ಚಿಹೋದವು, ಕೊನೆಗೆ ಊಟೆಯನ್ನೇ ಮುಚ್ಚಿಸಬೇಕಾಯಿತು.

1521ರಲ್ಲಿ ಊರಿಗೆ ಮುತ್ತಿಗೆ ಹಾಕಿದ ಸ್ಪ್ಯಾನಿಷ್ ದಂಡನಾಯಕ ಕೋರ್ಟೆಸ್‌ಗೆ ಈ ಊರಿನ ಗಂಟಲು ಎಲ್ಲಿದೆ ಎಂಬುದು ಗೊತ್ತಿತ್ತು. ಚಾಪುಲ್ಟೆಪೆಕ್‌ನಿಂದ ಬರುತ್ತಿದ್ದ ಕುಡಿಯುವ ನೀರಿನ ಕಾಲುವೆ ಕಡಿಸಿದ, 13 ಹಡಗು ಕಟ್ಟಿಸಿ ಕೆರೆಗೆ ಇಳಿಸಿ ದೋಣಿಗಳನ್ನು ತಡೆದ. ಕಪ್ಪ ಕೊಟ್ಟು ಬೇಸತ್ತಿದ್ದ ಚಾಲ್ಕೊ ಅವನ ಕಡೆ ಸೇರಿತು, ಮುತ್ತಿಗೆ ಬಿಗಿಯಾದಂತೆ ಶೋಚಿಮಿಲ್ಕೊದವರೂ ಸೇರಿದರು. ಆಗಸ್ಟ್ 13ರಂದು ಊರು ಬೀಳುವ ಹೊತ್ತಿಗೆ ಒಳಗಿದ್ದವರು ಹಲ್ಲಿ, ಜೋಳದ ಒಣದಂಟು, ಬೇಯಿಸಿದ ತೊಗಲು ತಿನ್ನುತ್ತಿದ್ದರು, ಕೆರೆಯ ಉಪ್ಪುನೀರನ್ನೇ ಕುಡಿಯುತ್ತಿದ್ದರು.